ಮೂರು ಸಾಲಿನಿಂದ ಶುರುಮಾಡು

ಚಿ. ಸೌ. ವಿದ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕವಿತೆ ತಲೆಗೆ ಹತ್ತುವುದಿಲ್ಲ ಎಂದು ಬರೆದಿದ್ದೀಯ. ಯಾರೋ ಉಡುಗೊರೆ ಕೊಟ್ಟ ಮಂಕುತಿಮ್ಮನ ಕಗ್ಗ ಹಿಡಿದು ಹತ್ತನೇ ಪದ್ಯಕ್ಕೇ ಮುಚ್ಚಿಟ್ಟೆಯಂತೆ. ಅದು ನಿನ್ನ ತಪ್ಪಲ್ಲ. ಅಲ್ಲಿರುವುದು 945 ಪದ್ಯ, ಬಹುಪಾಲು ತತ್ತ್ವವಿಚಾರ, ಸಂಧಿ ಬಿಡಿಸದೆ ಒಂದು ಸಾಲೂ ದಾಟುವುದಿಲ್ಲ. ಮೊದಲ ಓದಿಗೆ ಅದನ್ನು ಕೊಡುವುದು ಈಜು ಬಾರದವರನ್ನು ನಡುಹೊಳೆಗೆ ಇಳಿಸಿದ ಹಾಗೆ. ಸದ್ಯಕ್ಕೆ ಕಪಾಟಿನಲ್ಲೇ ಇರಲಿ.

ನೀನು ಶುರುಮಾಡಬೇಕಾದ್ದು ಸರ್ವಜ್ಞನ ತ್ರಿಪದಿಯಿಂದ. ಮೂರೇ ಸಾಲು. ಮನೆ ಸಾಲದ ಕಂತು ಕಟ್ಟುವ ನಿನಗೆ ಇದು ಬೇಗ ಒಲಿಯುತ್ತದೆ:

ಸಾಲವನು ಕೊಂಬಾಗ ಹಾಲೋಗರುಂಡಂತೆ
ಸಾಲಿಗರು ಬಂದು ಎಳೆವಾಗ ಕಿಬ್ಬದಿಯ
ಕೀಲು ಮುರಿದಂತೆ ಸರ್ವಜ್ಞ

ಇದನ್ನು ಕೈಯಾರೆ ಒಂದು ಚೀಟಿಯಲ್ಲಿ ಬರೆದುಕೊ. ಅರ್ಥದ ಗೊಡವೆಗೆ ಹೋಗದೆ ಎರಡು ಸಲ ಗಟ್ಟಿಯಾಗಿ ಓದು. ಆಮೇಲೆ ತಿಳಿಯದ ಪದಕ್ಕೆ ಮಾತ್ರ ಅಡಿಗೆರೆ ಹಾಕು. ಇಲ್ಲಿ ಮೂರು ಸಿಗಬಹುದು. ಕೊಂಬಾಗ ಎಂದರೆ ಕೊಳ್ಳುವಾಗ. ಓಗರ ಎಂದರೆ ಅನ್ನ, ಹಾಗಾಗಿ ಹಾಲೋಗರ ಹಾಲನ್ನ. ಕಿಬ್ಬದಿ ಎಂದರೆ ಪಕ್ಕೆಯ ಕೆಳಭಾಗ. ಹೊಸ ಪದ್ಯವೊಂದರಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಗೆರೆ ಬಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗು, ಪದಕೋಶ ಹಿಡಿದು ಗುದ್ದಾಡಬೇಡ.

ಎಲ್ಲರೂ ಎಡವುವುದು ಇದರ ನಂತರ. ಶಾಲೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂದು ಬರೆಸಿ ಬರೆಸಿ ಆದ ಅಭ್ಯಾಸ. ‘ಸಾಲ ಮಾಡಬಾರದು ಎಂದು ಕವಿ ಹೇಳಿದ್ದಾನೆ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಮತ್ತೊಮ್ಮೆ ನೋಡು, ಮಾಡಬಾರದು ಎಂಬ ಮಾತು ಪದ್ಯದಲ್ಲಿ ಎಲ್ಲೂ ಇಲ್ಲ! ಎರಡು ‘ಅಂತೆ’ಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗಿದ್ದಾನೆ. ಹಾಲನ್ನ ಅಗಿಯುವ ಕೆಲಸವೂ ಇಲ್ಲದೆ ಗಂಟಲಿಗೆ ಇಳಿಯುತ್ತದೆ, ದುಡ್ಡು ಕೈಗೆ ಬಂದದ್ದೂ ಹಾಗೇ. ತೀರಿಸುವ ನೋವು ಮಾತ್ರ ಬಾಯಿಗಲ್ಲ, ನಿಲ್ಲಲೂ ಕೂರಲೂ ಬೇಕಾದ ಕೀಲಿಗೇ ಬಡಿಯುತ್ತದೆ. ಇನ್ನು ಕಿವಿಗೊಟ್ಟು ಕೇಳು: ಸಾಲ, ಹಾಲು, ಸಾಲಿಗ, ಕೀಲು. ಒಂದೇ ‘ಲ’ ಮೆತ್ತಗೆ ಹರಿದು ಬಂದು ಮುರಿಯುವ ಜಾಗಕ್ಕೇ ತಲುಪುತ್ತದೆ, ಅದಕ್ಕೆ ತುಸು ಮುಂಚೆ ‘ಕಿಬ್ಬದಿ’ಯ ಒತ್ತಕ್ಷರ ನಾಲಿಗೆಯನ್ನು ತಡೆಯುತ್ತದೆ. ಭಾವಾರ್ಥ ಬರೆದವರ ಕೈಗೆ ಸಿಗದೆ ಹೋಗುವುದು ಇದೇ.

ವಾರಕ್ಕೆ ಒಂದೇ ತ್ರಿಪದಿ ಸಾಕು. ಬೇರೆ ಪುಸ್ತಕದಲ್ಲಿ ಒಂದೆರಡು ಪದ ವ್ಯತ್ಯಾಸವಾಗಿ ಕಂಡರೆ ಗಾಬರಿಯಾಗಬೇಡ, ಬಾಯಿಂದ ಬಾಯಿಗೆ ಬಂದ ಪದ್ಯಗಳಿವು. ಅವನ ಹೆಸರಿನಲ್ಲಿ ಯಾರ್ಯಾರೋ ಸೇರಿಸಿದ್ದೂ ಬೇಕಾದಷ್ಟಿದೆ. ಹೆಂಗಸರನ್ನು ಹೀಗಳೆಯುವಂಥವು ಎದುರಾದರೆ ಧಾರಾಳವಾಗಿ ಪುಟ ತಿರುಗಿಸು.

ಆರೇಳು ತ್ರಿಪದಿಯಾದ ಮೇಲೆ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಗೆ ಬಾ. 1942ರ ಪುಸ್ತಕವಾದರೂ ಭಾಷೆ ಮನೆಮಾತಿಗೆ ಹತ್ತಿರ. ಅದರಲ್ಲಿ, ರಾಯರು ರಾತ್ರಿ ಮಾವನ ಮನೆಗೆ ಬರುವ ಪದ್ಯವನ್ನು ಮೊದಲು ತೆಗೆದುಕೊ. ಹಾಡಾಗಿ ನೀನು ನೂರು ಸಲ ಕೇಳಿರುತ್ತೀಯ, ಕಷ್ಟವೂ ಅದೇ. ರಾಗ ಮುಂದೆ ಎಳೆದುಕೊಂಡು ಹೋಗುವಾಗ ಪದದ ಮೇಲೆ ಗಮನ ನಿಲ್ಲುವುದಿಲ್ಲ. ಒಂದು ವಾರ ಹಾಡು ಕೇಳದೆ, ಕಥೆ ಓದುವ ಹಾಗೆ ಓದು.

‘ಪದುಮಳು ಒಳಗಿಲ್ಲ’ ಎಂಬಲ್ಲಿ ನಿಲ್ಲು. ಈಗಿನವರು ಇದನ್ನು ಪದುಮ ಮನೆಯಲ್ಲಿಲ್ಲ, ಎಲ್ಲಿಗೋ ಹೋಗಿದ್ದಾಳೆ ಎಂದು ಓದಿಕೊಳ್ಳುತ್ತಾರೆ. ಆಗ ಉಳಿದದ್ದೆಲ್ಲ ಗೋಜಲು. ಹಳೇ ಮನೆಗಳಲ್ಲಿ ‘ಹೊರಗೆ ಕೂತಿದ್ದಾಳೆ’ ಎನ್ನುತ್ತಿದ್ದದ್ದು ಮುಟ್ಟಿನ ದಿನಗಳಿಗೆ. ಈ ಬೀಗದಕೈ ಸಿಕ್ಕಿತೆಂದರೆ ರಾಯರ ಮುನಿಸು, ಕೊನೆಯಲ್ಲಿ ನಾದಿನಿ ನೀರಾಯಿತೆಂದು ಹೇಳುವುದು, ಪದುಮ ನಗುತ್ತಾ ಹೂ ಮುಡಿದು ರಾಯರ ಕೋಣೆಗೆ ಬರುವುದು, ಎಲ್ಲವೂ ತಾನಾಗಿ ಕೂಡಿಕೊಳ್ಳುತ್ತವೆ. ಸರ್ವಜ್ಞ ‘ಮಾಡಬಾರದು’ ಎನ್ನಲಿಲ್ಲ, ಇಲ್ಲಿ ಕವಿ ಕಾರಣ ಹೇಳಲಿಲ್ಲ. ಓದು ಮುಗಿದ ಮೇಲೆ ಏನು ಹೇಳಿದ ಎಂದು ಕೇಳಿಕೊಳ್ಳುವ ಬದಲು ಏನು ಹೇಳದೆ ಬಿಟ್ಟ ಎಂದು ಕೇಳಿಕೊ, ಆ ಚೀಟಿಯ ಹಿಂಬದಿಯಲ್ಲಿ ಒಂದು ಸಾಲು ಬರೆದಿಡು. ಆಮೇಲೆ ಬೇಕಾದರೆ ಹಾಡು ಕೇಳು.

ಬೇಂದ್ರೆಯವರ ‘ನಾಕುತಂತಿ’ ಈ ವರ್ಷಕ್ಕೆ ಬೇಡ. ಅದು ಪಳಗಿದ ಓದುಗರನ್ನೂ ಸತಾಯಿಸುತ್ತದೆ.

ಮುಂದಿನ ಸಲ ಬರುವಾಗ ಚೀಟಿಗಳನ್ನು ತೆಗೆದುಕೊಂಡು ಬಾ, ಹಿಂಬದಿ ಓದಬೇಕು ನನಗೆ.

ಇಂತಿ,
ನಿನ್ನ ದೊಡ್ಡಮ್ಮ