ಮೊದಲ ಪಾಠ ಶಾಲೆಯಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಗಳಲ್ಲಿ ‘ಫ್ಲಿಪ್ಡ್ ಕ್ಲಾಸ್‌ರೂಮ್’ ತರಬೇಕು ಎನ್ನುವ ಮಾತು ತರಬೇತಿಗಳಲ್ಲೂ ಪತ್ರಿಕೆಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಈ ಪದ್ಧತಿಯ ಹಿಂದಿರುವ ವಿಚಾರ ನನಗೆ ತುಂಬ ಇಷ್ಟ. ಆದರೆ ಅದನ್ನು ನಮ್ಮ ಶಾಲೆಗಳಿಗೆ ತರಲು ಹೊರಟಿರುವ ರೀತಿ ನೋಡಿದರೆ ಆತಂಕವಾಗುತ್ತದೆ. ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಹಾಕಿ, ‘ನಾಳೆ ನೋಡಿಕೊಂಡು ಬನ್ನಿ’ ಅಂದುಬಿಟ್ಟರೆ ಕೆಲಸ ಮುಗಿಯಿತು ಎಂದು ಹಲವರು ತಿಳಿದಿದ್ದಾರೆ. ಇದರಿಂದ ಯಾವ ಮಕ್ಕಳಿಗೆ ನಷ್ಟ, ಎಷ್ಟು ನಷ್ಟ ಎಂದು ವಿವರವಾಗಿ ಬರೆಯಬೇಕು ಅನ್ನಿಸಿತು.

ಪದ್ಧತಿ ಸರಳವಾದದ್ದು. ಶಿಕ್ಷಕರು ತರಗತಿಯಲ್ಲಿ ಕೊಡುವ ವಿವರಣೆಯನ್ನು ಮಕ್ಕಳು ಹಿಂದಿನ ರಾತ್ರಿ ಮನೆಯಲ್ಲೇ ನೋಡಿಕೊಂಡು ಬರುತ್ತಾರೆ. ಮನೆಯಲ್ಲಿ ಮಾಡಬೇಕಾಗಿದ್ದ ಲೆಕ್ಕ, ಪ್ರಶ್ನೆ, ಚರ್ಚೆ ತರಗತಿಗೆ ಬರುತ್ತವೆ. ಅಮೆರಿಕದ ಕೊಲರಾಡೊ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಊರಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರಲ್ಲಿ ಪಾಠಗಳನ್ನು ರೆಕಾರ್ಡ್ ಮಾಡಲು ಶುರು ಮಾಡಿದರು. ಪಂದ್ಯಗಳಿಗೆಂದು ದೂರದ ಊರುಗಳಿಗೆ ಹೋಗಿ ತರಗತಿ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳಿಗೆ ಸಹಾಯವಾಗಲಿ ಎಂಬುದು ಮೊದಲ ಉದ್ದೇಶ. ಆಮೇಲೆ ಎಲ್ಲರಿಗೂ ಅದನ್ನೇ ಮಾಡಿದರು. ಇಂಟರ್ನೆಟ್ ಇಲ್ಲದ ಮಕ್ಕಳಿಗೆ ಪಾಠಗಳನ್ನು ಪೆನ್‌ಡ್ರೈವ್‌ನಲ್ಲಿ, ಅದೂ ಆಗದವರಿಗೆ ಡಿವಿಡಿಯಲ್ಲಿ ಹಾಕಿ ಕೊಟ್ಟರು. ಮನೆಯಲ್ಲಿ ಏನಿದೆ, ಏನಿಲ್ಲ ಎಂಬ ಪ್ರಶ್ನೆ ಈ ಪದ್ಧತಿಯ ಜೊತೆಗೇ ಹುಟ್ಟಿದೆ ಎಂದಾಯಿತು. ನಮ್ಮ ತರಬೇತಿಗಳಲ್ಲಿ ಅವರ ಹೆಸರು ಹೇಳುತ್ತಾರೆ. ಆ ಡಿವಿಡಿಗಳ ವಿಷಯ ಹೇಳುವುದಿಲ್ಲ.

ಇದಕ್ಕೆ ಆಧಾರವಾಗಿರುವ ಸಿದ್ಧಾಂತ ಗಟ್ಟಿಯಾಗಿಯೇ ಇದೆ. ಬೆಂಜಮಿನ್ ಬ್ಲೂಮ್ ಮತ್ತು ಅವರ ಜೊತೆಗಾರರು 1956ರಲ್ಲಿ ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದ್ದನ್ನು ಬಿ.ಇಡಿ. ಮಾಡಿದವರೆಲ್ಲ ಓದಿರುತ್ತಾರೆ. ಕೆಳಗಿನ ಮೆಟ್ಟಿಲುಗಳು ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು. ಮೇಲಿನವು ಬಳಸುವುದು, ಬಿಡಿಸಿ ನೋಡುವುದು. ನಾವು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲುಗಳಿಗೆ ಇಡೀ ಪೀರಿಯಡ್ ಕೊಡುತ್ತೇವೆ. ಕಷ್ಟದ ಮೆಟ್ಟಿಲು ಬಂದಾಗ ‘ಹೋಂವರ್ಕ್ ಮಾಡ್ಕೊಂಡು ಬನ್ನಿ’ ಅಂತ ಕೈಬಿಡುತ್ತೇವೆ. ಮಗು ಒಂಟಿಯಾಗಿ ಮಾಡಲಾಗದ, ಆದರೆ ತಿಳಿದವರು ಪಕ್ಕದಲ್ಲಿದ್ದರೆ ಮಾಡಬಲ್ಲ ಕೆಲಸದಲ್ಲೇ ಕಲಿಕೆ ಆಗುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಹೇಳಿದ್ದರು. ಹಾಗಿದ್ದರೆ ಶಿಕ್ಷಕರು ಪಕ್ಕದಲ್ಲಿರಬೇಕಾದ್ದು ಕಷ್ಟದ ಲೆಕ್ಕ ಮಾಡುವಾಗಲೇ ಅಲ್ವಾ? ಜೊತೆಗೆ, ವಿಡಿಯೊವನ್ನು ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು. ಹೊಸ ವಿಷಯ ಒಟ್ಟಿಗೇ ತಲೆಗೆ ಬಂದು ಬೀಳುವ ಭಾರ ಕಡಿಮೆಯಾಗುತ್ತದೆ.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬರುವುದು ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮಕ್ಕಳು. ಅವರ ಹೋಂವರ್ಕ್ ನೋಡಿ ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಟ್ಯೂಷನ್‌ಗೆ ದುಡ್ಡಿಲ್ಲ. ಕಷ್ಟದ ಕೆಲಸ ಶಾಲೆಯಲ್ಲೇ ಆಗುವುದಾದರೆ ಎಲ್ಲರಿಗಿಂತ ಜಾಸ್ತಿ ಲಾಭ ಇವರಿಗೇ. ಆದರೆ ಆ ಲಾಭಕ್ಕೆ ಹಾಕಿರುವ ಷರತ್ತು ಹಿಂದಿನ ರಾತ್ರಿಯ ವಿಡಿಯೊ. ಆ ಷರತ್ತು ಪೂರೈಸಲಾಗದವರೂ ಇವರೇ.

‘ಈಗ ಎಲ್ಲರ ಮನೆಯಲ್ಲೂ ಫೋನ್ ಇದೆಯಲ್ಲ’ ಎನ್ನುತ್ತಾರೆ. ಮನೆಯಲ್ಲಿ ಫೋನ್ ಇರುವುದು ಬೇರೆ, ಮಗುವಿನ ಕೈಗೆ ಸಿಗುವುದು ಬೇರೆ. ಮಕ್ಕಳ ಶಿಕ್ಷಣದ ಸ್ಥಿತಿ ತಿಳಿಯಲು ನಡೆಸುವ ‘ಅಸರ್’ ಸಮೀಕ್ಷೆ 2021ರಲ್ಲಿ ಇದನ್ನು ದೇಶದ ಗ್ರಾಮೀಣ ಭಾಗಗಳಲ್ಲಿ ಕೇಳಿತ್ತು. ಆಗ ಸುಮಾರು 68 ಶೇಕಡಾ ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅಂಥ ಮನೆಗಳ ಮಕ್ಕಳಲ್ಲೇ ಸುಮಾರು ಕಾಲು ಭಾಗಕ್ಕೆ ಓದಿಗೆಂದು ಅದು ಸಿಗುತ್ತಲೇ ಇರಲಿಲ್ಲ. ಇನ್ನೂ ಹೆಚ್ಚು ಮಕ್ಕಳಿಗೆ ಆಗಾಗ ಮಾತ್ರ ಸಿಗುತ್ತಿತ್ತು. ಅಂದಿನಿಂದ ಫೋನುಗಳ ಸಂಖ್ಯೆ ಹೆಚ್ಚಾಗಿದೆ, ನಿಜ. ಆದರೂ ತಂದೆ ಕೆಲಸಕ್ಕೆ ಹೋಗುವಾಗ ಫೋನ್ ಜೇಬಿನಲ್ಲೇ ಹೋಗುತ್ತದೆ. ರಾತ್ರಿ ಬಂದಾಗ ಚಾರ್ಜ್ ಇರುವುದಿಲ್ಲ, ಅಥವಾ ಅಣ್ಣ ಹಿಡಿದು ಕೂತಿರುತ್ತಾನೆ. ಆ ಹೊತ್ತಿಗೆ ಹುಡುಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ಒಂದೇ ಕೋಣೆಯ ಮನೆಯಲ್ಲಿ ಟಿವಿಯೂ ಓಡುತ್ತಿರುತ್ತದೆ. ಡಾಟಾ ಪ್ಯಾಕ್ ಹಾಕಿಸಿಕೊಟ್ಟರೆ ಇದ್ಯಾವುದೂ ಸರಿಹೋಗುವುದಿಲ್ಲ.

ಇದು ತರಗತಿಯಲ್ಲಿ ಹೇಗೆ ಕಾಣುತ್ತದೆ ಎಂದು ಒಂದು ಪಾಠ ಹಿಡಿದು ಹೇಳುತ್ತೇನೆ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ. ಓಮನ ನಿಯಮ ಮತ್ತು ಸರಣಿ ಜೋಡಣೆಯ ವಿಡಿಯೊ ಕಳಿಸಿದ್ದೇವೆ ಅಂದುಕೊಳ್ಳಿ. ಬೆಳಿಗ್ಗೆ ತರಗತಿಗೆ ಬಂದು ಒಂದು ಪ್ರಶ್ನೆ ಹಾಕಿದರೆ ಸಾಕು. ಒಂದೇ ಥರದ ಮೂರು ಬಲ್ಬುಗಳನ್ನು ಸರಣಿಯಲ್ಲಿ ಒಂದು ಬ್ಯಾಟರಿಗೆ ಜೋಡಿಸಿದೆ. ಯಾವ ಬಲ್ಬು ಹೆಚ್ಚು ಬೆಳಗುತ್ತದೆ? ಮೊದಲನೆಯದು ಎನ್ನುವ ಮಕ್ಕಳು ತುಂಬ ಜನ. ದಾರಿಯಲ್ಲಿ ಪ್ರವಾಹ ಖರ್ಚಾಗುತ್ತಾ ಹೋಗುತ್ತದೆ ಎಂದು ಅವರ ಲೆಕ್ಕ. ನಿಜವಾಗಿ ಮೂರರಲ್ಲೂ ಹರಿಯುವ ಪ್ರವಾಹ ಒಂದೇ, ಹಾಗಾಗಿ ಮೂರೂ ಸಮನಾಗಿ ಬೆಳಗುತ್ತವೆ. ಈಗ ತರಗತಿಯ ಮೂರನೇ ಒಂದು ಭಾಗ ವಿಡಿಯೊ ನೋಡಿಲ್ಲ ಎಂದು ಗೊತ್ತಾಯಿತು ಅನ್ನಿ. ಶಿಕ್ಷಕರ ಮುಂದೆ ಎರಡೇ ದಾರಿ.

ಒಂದು, ಪಾಠವನ್ನು ಮತ್ತೆ ಹೇಳುವುದು. ಆಗ ನೋಡಿಕೊಂಡು ಬಂದವರಿಗೆ ಒಂದು ವಿಷಯ ಹೊಳೆಯುತ್ತದೆ: ನೋಡದಿದ್ದರೂ ನಡೆಯುತ್ತದೆ. ಮುಂದಿನ ಸಲ ನೋಡುವವರು ಇನ್ನೂ ಕಡಿಮೆಯಾಗುತ್ತಾರೆ. ಹೀಗೆಯೇ ಮುಂದುವರಿದರೆ ತರಗತಿ ಹಳೆಯ ಪಾಠಕ್ಕೇ ಮರಳುತ್ತದೆ, ಕಡತದಲ್ಲಿ ಮಾತ್ರ ಫ್ಲಿಪ್ಡ್ ಎಂದಿರುತ್ತದೆ. ಎರಡನೆಯದು, ಹೇಳದೆ ಮುಂದೆ ಹೋಗುವುದು. ಗುಂಪು ಮಾಡಿ ಲೆಕ್ಕ ಕೊಟ್ಟಾಗ ನೋಡದ ಮಗು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ. ಗುಂಪಿನಲ್ಲಿ ಮಾತಾಡುವವರು ಇಬ್ಬರೇ ಆಗುತ್ತಾರೆ. ಬಲ್ಬಿನ ಬಗ್ಗೆ ತಪ್ಪು ತಿಳಿವಳಿಕೆ ಹಾಗೇ ಉಳಿಯುತ್ತದೆ, ಉತ್ತರ ಮಾತ್ರ ಪುಸ್ತಕದಲ್ಲಿ ಸರಿಯಾಗಿರುತ್ತದೆ.

ಹಳೆಯ ಪದ್ಧತಿಯಲ್ಲಿ ಮನೆಯಲ್ಲಿ ಅನುಕೂಲವಿಲ್ಲದ ಮಗುವಿಗೆ ತಪ್ಪುತ್ತಿದ್ದದ್ದು ಅಭ್ಯಾಸ. ಮೊದಲ ವಿವರಣೆಯಂತೂ ಶಾಲೆಯಲ್ಲಿ ಸಿಗುತ್ತಿತ್ತು. ಇಲ್ಲಿ ಮೊದಲ ವಿವರಣೆಯೇ ತಪ್ಪುತ್ತದೆ. ಅದು ತಪ್ಪಿದ ಕಾರಣಕ್ಕೆ ತರಗತಿಯ ಅಭ್ಯಾಸವೂ ಕೈಗೆ ಹತ್ತುವುದಿಲ್ಲ. ಒಂದು ನಷ್ಟದ ಜಾಗದಲ್ಲಿ ಎರಡು ನಷ್ಟ. ನನ್ನ ಆಕ್ಷೇಪದ ತಿರುಳು ಇದೇ.

ಎಲ್ಲರಿಗೂ ಟ್ಯಾಬ್ ಕೊಟ್ಟರೆ ಸರಿಹೋಗುತ್ತದೆಯೇ? ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ನಡೆದ ಒಂದು ಪ್ರಯೋಗದ ವರದಿ 2021ರಲ್ಲಿ ಪ್ರಕಟವಾಯಿತು. ಯಾವ ತರಗತಿಗೆ ಯಾವ ಪದ್ಧತಿ ಎಂದು ಚೀಟಿ ಎತ್ತಿದ ಹಾಗೆ ಹಂಚಿ ನೋಡಿದ ಪ್ರಯೋಗ ಅದು. ಅಲ್ಲಿನ ವಿದ್ಯಾರ್ಥಿಗಳೆಲ್ಲ ಅಕಾಡೆಮಿಯಲ್ಲೇ ವಾಸ ಮಾಡುತ್ತಾರೆ. ಎಲ್ಲರ ಹತ್ತಿರವೂ ಕಂಪ್ಯೂಟರ್ ಇರುತ್ತದೆ. ಆದರೂ ಗಣಿತದಲ್ಲಿ ಮೊದಮೊದಲು ಕಂಡ ಲಾಭ ಕೊನೆಯ ಪರೀಕ್ಷೆಯ ಹೊತ್ತಿಗೆ ಉಳಿಯಲಿಲ್ಲ. ಅರ್ಥಶಾಸ್ತ್ರದಲ್ಲಿ ಲಾಭವೇ ಕಾಣಲಿಲ್ಲ. ಗಣಿತದಲ್ಲಿ ಕಂಡ ಆ ಲಾಭವೂ ಹೆಚ್ಚಾಗಿ ಹೋದದ್ದು ಮೊದಲೇ ಮುಂದಿದ್ದವರಿಗೆ, ಹಿಂದಿದ್ದವರ ಜೊತೆಗಿನ ಅಂತರ ಜಾಸ್ತಿಯಾಯಿತು. ಅನುಕೂಲ ಸಮನಾಗಿರುವ ಕಡೆಯೇ ಹೀಗಾದರೆ, ಅನುಕೂಲವೇ ಇಲ್ಲದ ನಮ್ಮ ಮಕ್ಕಳ ಕಥೆ ಏನು?

ಇನ್ನೊಂದು ಅಧ್ಯಯನ ನನಗೆ ದಾರಿ ತೋರಿಸಿತು. 2015ರಲ್ಲಿ ಜೇಮಿ ಜೆನ್ಸನ್ ಮತ್ತು ಜೊತೆಗಾರರು ಕಾಲೇಜಿನ ಜೀವಶಾಸ್ತ್ರ ತರಗತಿಯನ್ನು ಎರಡು ರೀತಿ ನಡೆಸಿ ಹೋಲಿಸಿದರು. ಎರಡರಲ್ಲೂ ವಿದ್ಯಾರ್ಥಿಗಳು ಸುಮ್ನೆ ಕೂರದೆ ತಾವೇ ಮಾಡಿ, ಚರ್ಚಿಸಿ ಕಲಿಯಬೇಕಿತ್ತು. ಒಂದರಲ್ಲಿ ಹೊಸ ವಿಷಯದ ಪರಿಚಯ ಮನೆಯಲ್ಲಿ, ಇನ್ನೊಂದರಲ್ಲಿ ತರಗತಿಯಲ್ಲೇ. ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಫ್ಲಿಪ್ಡ್ ಕ್ಲಾಸ್‌ರೂಮಿನಿಂದ ಸಿಗುವ ಲಾಭಕ್ಕೆ ಮೂಲ ಮಕ್ಕಳು ತರಗತಿಯಲ್ಲಿ ಮಾಡುವ ಕೆಲಸವೇ ಇರಬೇಕು, ಮನೆಯ ವಿಡಿಯೊ ಅಲ್ಲ. ಹಾಗಾದರೆ ನಮ್ಮ ಮಕ್ಕಳ ಮೇಲೆ ಆ ಷರತ್ತನ್ನು ಯಾಕೆ ಹೇರಬೇಕು?

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮವನ್ನು ನಾವು ಫೋನಿಲ್ಲದೆಯೇ ಮಾಡಬಹುದು. ಮೊದಲು ಹತ್ತು ನಿಮಿಷದ ವಿವರಣೆ, ಶಿಕ್ಷಕರೇ ಕೊಡಲಿ ಅಥವಾ ಶಾಲೆಯ ಟಿವಿಯಲ್ಲಿ ಎಲ್ಲರೂ ಒಟ್ಟಿಗೆ ನೋಡಲಿ. ಆಮೇಲೆ ಮೂರು ಬಲ್ಬಿನ ಪ್ರಶ್ನೆ. ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಬೇಕು. ಎ, ಬಿ, ಸಿ ಎಂದು ಬರೆದ ರಟ್ಟಿನ ಚೀಟಿಯನ್ನು ಎಲ್ಲರೂ ಒಟ್ಟಿಗೆ ಎತ್ತಬೇಕು. ಸರಿ ಉತ್ತರ 30 ಶೇಕಡಾಕ್ಕಿಂತ ಕಡಿಮೆ ಇದ್ದರೆ ಮತ್ತೆ ವಿವರಿಸಬೇಕು. 70 ದಾಟಿದ್ದರೆ ಮುಂದೆ ಹೋಗಬಹುದು. ನಡುವೆ ಇದ್ದರೆ ಬೇರೆ ಉತ್ತರ ಎತ್ತಿದ ಪಕ್ಕದವರ ಜೊತೆ ಎರಡು ಮೂರು ನಿಮಿಷ ವಾದ ಮಾಡಲು ಬಿಟ್ಟು ಮತ್ತೆ ಚೀಟಿ ಎತ್ತಿಸಬೇಕು. ಆಗ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಯಾರಿಗೆ ತಿಳಿದಿಲ್ಲ ಎಂಬುದು ಶಿಕ್ಷಕರ ಕಣ್ಣಿಗೆ ತಕ್ಷಣ ಬೀಳುತ್ತದೆ. ಉಳಿದ ಹೊತ್ತು ಲೆಕ್ಕಗಳಿಗೆ. ಶಿಕ್ಷಕರು ಬೆಂಚುಗಳ ನಡುವೆ ಓಡಾಡುತ್ತಿರಬೇಕು.

ಇದಕ್ಕೆಲ್ಲ ಹೊತ್ತೆಲ್ಲಿದೆ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಸಿಲೆಬಸ್ ಮುಗಿಸುವ ಒತ್ತಡ ನನಗೂ ಇದೆ. ಆದರೆ ಪ್ರಶ್ನೆ-ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಯಲ್ಲಿ ನಕಲು ಮಾಡಿಸುವುದರಲ್ಲಿ ನಮ್ಮ ಎಷ್ಟು ಪೀರಿಯಡ್ ಹೋಗುತ್ತದೆ ಎಂದು ನೋಡಿಕೊಳ್ಳೋಣ. ಅದನ್ನೇ ಒಂದು ಹಾಳೆಯಲ್ಲಿ ಜೆರಾಕ್ಸ್ ಮಾಡಿ ಕೊಟ್ಟರೆ ಹೊತ್ತು ಉಳಿಯುತ್ತದೆ. ಆ ಖರ್ಚನ್ನು ಶಾಲಾ ಅನುದಾನದಿಂದ ಕೊಡಬೇಕು, ಶಿಕ್ಷಕರ ಜೇಬಿನಿಂದಲ್ಲ. ಚಿಕ್ಕ ಮಕ್ಕಳಿಗೆ ಕಾರ್ಡು, ಗುಂಪು, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ನಮ್ಮ ರಾಜ್ಯದಲ್ಲೇ, ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಎಲ್ಲೆಡೆ ಹಬ್ಬಿದ್ದು. ಹೈಸ್ಕೂಲಿಗೆ ಬರುವಷ್ಟರಲ್ಲಿ ಆ ಮಕ್ಕಳನ್ನು ನಾವು ಬರೀ ಕೇಳಿಸಿಕೊಳ್ಳಲು ಕೂರಿಸುತ್ತೇವೆ.

ವಿಡಿಯೊ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ತರಗತಿಯಲ್ಲಿ ಆದ ಪಾಠವನ್ನು ಮತ್ತೊಮ್ಮೆ ನೋಡಲು, ಗೈರಾದ ಮಗು ಹಿಡಿದುಕೊಳ್ಳಲು ಅದು ಒಳ್ಳೆಯದೇ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್‌ಗಳು ಅದಕ್ಕೆ ಬರುತ್ತವೆ. ಫೋನ್ ಸಿಗದ ಮಗುವಿಗೆ ಆಗ ಮೊದಲ ಪಾಠವಂತೂ ತಪ್ಪಿರುವುದಿಲ್ಲ.

ಇಲಾಖೆಗೆ ನನ್ನ ಕೋರಿಕೆ ಇಷ್ಟು. ಎಷ್ಟು ಜನ ವಿಡಿಯೊ ತೆರೆದರು ಎಂಬ ಲೆಕ್ಕವನ್ನು ಯಶಸ್ಸಿನ ಅಳತೆ ಮಾಡಬೇಡಿ. ತೆರೆದವರೆಲ್ಲ ನೋಡಿರುವುದಿಲ್ಲ, ನೋಡಿದವರಿಗೆಲ್ಲ ತಿಳಿದಿರುವುದಿಲ್ಲ. ಯಾವುದೇ ಶಾಲೆಯಲ್ಲಿ ಈ ಪದ್ಧತಿ ಶುರು ಮಾಡುವ ಮೊದಲು ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೇಳಿ: ರಾತ್ರಿ ಎಷ್ಟು ಹೊತ್ತಿಗೆ ನಿನ್ನ ಕೈಗೆ ಫೋನ್ ಬರುತ್ತದೆ, ಎಲ್ಲಿ ಕೂತು ನೋಡುತ್ತೀ? ಎಲ್ಲರ ಮುಂದೆ ಕೈ ಎತ್ತಿಸಬೇಡಿ, ಇಲ್ಲ ಎನ್ನಲು ಮಕ್ಕಳಿಗೆ ನಾಚಿಕೆಯಾಗುತ್ತದೆ. ನೋಡಲಾಗದ ಮಗು ಒಂದೇ ಇದ್ದರೂ, ಆ ಪಾಠದ ಮೊದಲ ವಿವರಣೆ ಶಾಲೆಯ ಹೊತ್ತಿನಲ್ಲೇ ನಡೆಯಬೇಕು ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ತುಮಕೂರು ಜಿಲ್ಲೆ