ನಂಬರ್ ಬದಲಾದರೆ ಬೋನಸ್ ಹೋಗುವುದಿಲ್ಲ, ಪಾಲಿಸಿ ನಿಂತರೆ ಹೋಗುತ್ತದೆ

ಮಾನ್ಯ ಸಂಪಾದಕರೇ,

ವರ್ಗಾವಣೆಯ ಕಾಲ ಬಂತೆಂದರೆ ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಕೆಎ ನಂಬರಿನ ಕಾರು, ಬೈಕುಗಳು ಹೊಸದಾಗಿ ಕಾಣಿಸುತ್ತವೆ. ಇಲ್ಲಿನವರ ಕೆಎಲ್-14 ಗಾಡಿಗಳು ಮಂಗಳೂರು, ಬೆಂಗಳೂರಿಗೆ ಹೋಗುತ್ತವೆ. ಜೊತೆಗೇ ಒಂದು ಮಾತು ಹರಡುತ್ತದೆ. ಬೇರೆ ರಾಜ್ಯದ ನಂಬರ್ ಬಂದ ಮೇಲೆ ಹಳೆಯ ಪಾಲಿಸಿ ನಡೆಯುವುದಿಲ್ಲ, ಹೊಸದು ಮಾಡಿಸಬೇಕು, ಇಷ್ಟು ವರ್ಷ ಕೂಡಿದ ಬೋನಸ್ ಹೋಯಿತೆಂದೇ ಲೆಕ್ಕ ಅನ್ನುತ್ತಾರೆ. ವಿಮಾ ಕಚೇರಿಯ ವಾಹನ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ಇದನ್ನು ಕೇಳಿ ಸುಮ್ಮನಿರಲಾರೆ. ಈ ಮಾತು ನಂಬಿ ಜನ ಕೈಯಾರೆ ಬೋನಸ್ ಕಳೆದುಕೊಳ್ಳುತ್ತಿದ್ದಾರೆ.

ವಾಹನ ವಿಮೆ ಇಡೀ ದೇಶಕ್ಕೆ ನಡೆಯುತ್ತದೆ. ತಲಪಾಡಿ ದಾಟಿದ ಕೂಡಲೇ ಅದು ನಿಲ್ಲುವುದಿಲ್ಲ. ನೋ ಕ್ಲೇಮ್ ಬೋನಸ್ ಅಂತೂ ಗಾಡಿಯ ನಂಬರಿಗೆ ಸೇರಿದ್ದೇ ಅಲ್ಲ, ಮಾಲೀಕರಿಗೆ ಸೇರಿದ್ದು. ಕ್ಲೇಮ್ ಮಾಡದ ಒಂದು ವರ್ಷಕ್ಕೆ ಶೇ 20, ಆಮೇಲೆ 25, 35, 45, ಕೊನೆಗೆ 50. ನಮ್ಮದೇ ಗಾಡಿಗೆ ಆಗುವ ನಷ್ಟದ ಪ್ರೀಮಿಯಂ, ಅಂದರೆ ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ ಈ ರಿಯಾಯಿತಿ. ಅದು ಯಾವ ರಾಜ್ಯದ ನಂಬರ್ ಎಂದು ನೋಡುವುದಿಲ್ಲ.

ನಮ್ಮ ನೆರೆಮನೆಗೆ ಬಾಡಿಗೆಗೆ ಬಂದ ಬ್ಯಾಂಕ್ ಅಧಿಕಾರಿಯೊಬ್ಬರ ವಿಷಯ ಹೇಳುತ್ತೇನೆ. ಬೆಂಗಳೂರಿನಿಂದ ಜೂನ್‌ನಲ್ಲಿ ಕಾಸರಗೋಡಿಗೆ ವರ್ಗವಾಯಿತು. ಕೆಎ-05 ನಂಬರಿನ 1197 ಸಿಸಿ ಕಾರು, 2019ರದ್ದು. ಬೋನಸ್ ಶೇ 50 ತಲುಪಿತ್ತು. ಪಾಲಿಸಿ ಅಕ್ಟೋಬರ್ 18ಕ್ಕೆ ಮುಗಿಯುವುದಿತ್ತು. ಏಜೆಂಟರು ಅವರಿಗೆ ಹೇಳಿದ್ದು ಇಷ್ಟು: "ಹೇಗೂ ಕೇರಳದ ನಂಬರ್ ಬರ್ತದಲ್ವಾ ಸಾರ್, ಈಗ ರಿನ್ಯೂ ಮಾಡಿದ್ರೆ ದುಡ್ಡು ದಂಡ. ಹೊಸ ನಂಬರಲ್ಲೇ ಹೊಸ ಪಾಲಿಸಿ ಮಾಡುವಾ."

ಕೇಳಲು ಸರಿ ಅನಿಸುತ್ತದೆ. ಆದರೆ ಅದು ನಡೆಯುವ ದಾರಿಯೇ ಅಲ್ಲ. ಒಂದು ರಾಜ್ಯದ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕು, ಇದು ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅದಕ್ಕೆ ಮೊದಲು ಹಳೆಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತರಬೇಕು. ಕಾರಿನ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಆಮೇಲೆ ಇಲ್ಲಿನ ಆರ್‌ಟಿಒದಲ್ಲಿ ಫಾರಂ 27 ಕೊಡಬೇಕು. ಈ ಎರಡೂ ಕಡೆ ಚಾಲ್ತಿಯಲ್ಲಿರುವ ವಿಮೆ ಕೇಳುತ್ತಾರೆ. ಅಂದರೆ ಪಾಲಿಸಿ ಇಲ್ಲದೆ ಹೊಸ ನಂಬರ್ ಇಲ್ಲ. ಹೊಸ ನಂಬರ್ ಬರಲಿ ಎಂದು ಪಾಲಿಸಿ ನಿಲ್ಲಿಸಿದವರು ಎರಡಕ್ಕೂ ಇಲ್ಲದಂತಾಗುತ್ತಾರೆ. ತೆರಿಗೆಯ ಲೆಕ್ಕ ಬೇರೆಯೇ ವಿಷಯ, ಅದನ್ನು ಇಲ್ಲಿ ಎತ್ತುವುದಿಲ್ಲ.

ಎನ್‌ಒಸಿ, ತಪಾಸಣೆ, ತೆರಿಗೆ ಎಂದು ಈ ಕೆಲಸ ಎಷ್ಟು ದಿನ ಎಳೆಯುತ್ತದೋ ಹೇಳಲಾಗದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಬೋನಸ್ ಪೂರ್ತಿ ಹೋಗುತ್ತದೆ. ಅಕ್ಟೋಬರ್ 18ರಿಂದ ಎಣಿಸಿದರೆ ಜನವರಿ 16ಕ್ಕೆ 90 ದಿನ. ಅವರ ಹೊಸ ನಂಬರ್ ಕೈಗೆ ಬಂದದ್ದು ಜನವರಿ ಕೊನೆಗೆ. ಏಜೆಂಟರ ಮಾತಿನಂತೆ ಕಾದಿದ್ದರೆ ಶೇ 50 ಸೊನ್ನೆಗೆ ಬಂದು ನಿಲ್ಲುತ್ತಿತ್ತು. ನಡುವೆ ವಿಮೆ ಇಲ್ಲದ ಗಾಡಿ ಓಡಿಸಿದ್ದಕ್ಕೆ ಮೊದಲ ಸಲವೇ 2,000 ರೂಪಾಯಿ ದಂಡ. ಅಪಘಾತವಾದರೆ ಮೂರನೆಯವರಿಗೆ ಕೊಡಬೇಕಾದ ಪರಿಹಾರ ಇಡೀ ಮಾಲೀಕರ ತಲೆಗೆ. ಪುಣ್ಯಕ್ಕೆ ಅವರು ಮೊದಲೇ ಬಂದು ಕೇಳಿದರು. ಕೆಎ ನಂಬರಿನಲ್ಲೇ ಅಕ್ಟೋಬರ್‌ನಲ್ಲಿ ಸಮಯಕ್ಕೆ ನವೀಕರಿಸಿದರು.

ಹಣದ ಲೆಕ್ಕವನ್ನೂ ನೋಡಿ. ಹಳೆಯ ಟಾರಿಫ್ ಪ್ರಕಾರ ಖಾಸಗಿ ಕಾರಿಗೆ ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ದೆಹಲಿ, ಕೋಲ್ಕತ್ತ, ಅಹಮದಾಬಾದ್ ಎ ವಲಯ. ಉಳಿದದ್ದೆಲ್ಲ ಬಿ ವಲಯ. ವಲಯ ನಿರ್ಧಾರ ಆಗುವುದು ನೋಂದಣಿ ಆದ ಆರ್‌ಟಿಒ ಮೇಲೆ. ಅವರ ಕಾರಿನ ವಿಮಾ ಮೌಲ್ಯ 4 ಲಕ್ಷ ಎಂದು ಹಿಡಿಯಿರಿ. ಐದು ವರ್ಷ ದಾಟಿದ ಆ ಗಾತ್ರದ ಕಾರಿಗೆ ಎ ವಲಯದ ದರ ಶೇ 3.447, ಅಂದರೆ 13,788 ರೂಪಾಯಿ. ಬಿ ವಲಯದಲ್ಲಿ ಶೇ 3.351, ಅಂದರೆ 13,404. ಅರ್ಧ ಬೋನಸ್ ಕಳೆದರೆ 6,894 ಮತ್ತು 6,702. ಕಂಪನಿಗಳು ಈಗ ತಮ್ಮದೇ ರಿಯಾಯಿತಿ ಕೊಡುವುದರಿಂದ ಕಟ್ಟುವ ಮೊತ್ತ ಹೆಚ್ಚು ಕಡಿಮೆ ಆಗಬಹುದು, ಆದರೆ ಅನುಪಾತ ಇದೇ. ಥರ್ಡ್ ಪಾರ್ಟಿ ಪ್ರೀಮಿಯಂ ದೇಶಕ್ಕೆಲ್ಲ ಒಂದೇ, 2022ರ ದರದಲ್ಲಿ ಈ ಕಾರಿಗೆ 3,416 ರೂಪಾಯಿ. ಅಂದರೆ ಊರು ಬದಲಾದದ್ದರಿಂದ ಆಗುವ ವ್ಯತ್ಯಾಸ ವರ್ಷಕ್ಕೆ 192 ರೂಪಾಯಿ. ಬೋನಸ್ ಹೋದರೆ ಮೊದಲ ವರ್ಷವೇ 6,702 ರೂಪಾಯಿ ಜಾಸ್ತಿ. ಮತ್ತೆ ಶೇ 50 ತಲುಪಲು ಐದು ವರ್ಷ ಕ್ಲೇಮ್ ಇಲ್ಲದೆ ಕಳೆಯಬೇಕು.

ಹೊಸ ನಂಬರ್ ಬಂದ ಮೇಲೆ ಮಾಡಬೇಕಾದ್ದು ಒಂದೇ, ಎಂಡೋರ್ಸ್‌ಮೆಂಟ್. ಹೊಸ ಆರ್‌ಸಿಯ ಪ್ರತಿ ಕೊಟ್ಟು ನಂಬರ್, ವಿಳಾಸ, ಆರ್‌ಟಿಒ ತಿದ್ದಿಸಿಕೊಳ್ಳಬೇಕು. ಅದರ ಖರ್ಚು ಸಣ್ಣದು. ಎಂಜಿನ್ ಮತ್ತು ಚಾಸಿ ನಂಬರ್ ಬದಲಾಗುವುದಿಲ್ಲವಲ್ಲ, ಕಂಪನಿ ಗಾಡಿಯನ್ನು ಗುರುತಿಸುವುದು ಅದರಿಂದಲೇ. ಆದರೂ ಇದನ್ನು ಮುಂದೂಡಬೇಡಿ. ಪಾಲಿಸಿಯಲ್ಲಿ ಒಂದು ನಂಬರ್, ಆರ್‌ಸಿಯಲ್ಲಿ ಇನ್ನೊಂದು ಇದ್ದಾಗ ಅಪಘಾತವಾದರೆ ಸರ್ವೇಯರ್ ದಾಖಲೆ ಕೇಳುತ್ತಾ ಹೋಗುತ್ತಾರೆ, ಗಾಡಿ ಗ್ಯಾರೇಜಿನಲ್ಲಿ ಸುಮ್ನೆ ನಿಂತಿರುತ್ತದೆ.

ಎಂಡೋರ್ಸ್‌ಮೆಂಟ್ ಎಂದು ಹೇಳಿ ಹೊಸ ಪಾಲಿಸಿಯನ್ನೇ ಕೈಗಿಡುವವರೂ ಇದ್ದಾರೆ. ಪತ್ತೆ ಮಾಡುವುದು ಸುಲಭ. ಎಂಡೋರ್ಸ್‌ಮೆಂಟ್ ಆದರೆ ಪಾಲಿಸಿ ನಂಬರ್ ಹಳೆಯದೇ, ಮುಗಿಯುವ ದಿನಾಂಕ ಹಳೆಯದೇ, ಬೋನಸ್‌ನ ಶೇಕಡಾವಾರೂ ಹಳೆಯದೇ. ಈ ಮೂರರಲ್ಲಿ ಒಂದು ಬದಲಾಗಿದ್ದರೂ ಕೂಡಲೇ ಕಂಪನಿಯನ್ನು ಲಿಖಿತವಾಗಿ ಕೇಳಿ.

ಇಲ್ಲಿ ಶಾಖೆ ಇಲ್ಲವೆಂದು ನವೀಕರಣದ ಹೊತ್ತಿಗೆ ಕಂಪನಿ ಬದಲಿಸಿದರೂ ಬೋನಸ್ ಜೊತೆಗೆ ಬರುತ್ತದೆ. ಹಳೆಯ ಪಾಲಿಸಿಯ ಪ್ರತಿ ಕೊಡಿ, ಕ್ಲೇಮ್ ಮಾಡಿದ್ದರೆ ಮುಚ್ಚಿಡಬೇಡಿ. ಹೊಸ ಕಂಪನಿ ಹಳೆಯ ಕಂಪನಿಯನ್ನು ಕೇಳಿಯೇ ಕೇಳುತ್ತದೆ. ಸುಳ್ಳು ಎಂದು ಗೊತ್ತಾದರೆ ಗಾಡಿಯ ನಷ್ಟಕ್ಕೆ ಸಿಗಬೇಕಾದ್ದೂ ಸಿಗುವುದಿಲ್ಲ.

ಬೈಕ್ ಇರುವವರಿಗೆ ಒಂದು ಎಚ್ಚರಿಕೆ. ಸೆಪ್ಟೆಂಬರ್ 2018ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಐದು ವರ್ಷದ್ದು. ಓನ್ ಡ್ಯಾಮೇಜ್ ಭಾಗ ಅನೇಕರದ್ದು ಒಂದೇ ವರ್ಷದ್ದು. ವರ್ಗಾವಣೆಯ ಗಡಿಬಿಡಿಯಲ್ಲಿ "ಐದು ವರ್ಷಕ್ಕೆ ಇದೆಯಲ್ಲ" ಎಂದು ಬಿಡುತ್ತಾರೆ. ಥರ್ಡ್ ಪಾರ್ಟಿ ವಿಮೆ ಚಾಲ್ತಿಯಲ್ಲಿರುವುದರಿಂದ ಪೊಲೀಸರು ಹಿಡಿದರೂ ದಂಡ ಬೀಳುವುದಿಲ್ಲ, ಹಾಗಾಗಿ ಓನ್ ಡ್ಯಾಮೇಜ್ ಮುಗಿದದ್ದು ತಿಳಿಯುವುದೂ ಇಲ್ಲ. ಅಷ್ಟರಲ್ಲಿ 90 ದಿನ ಕಳೆದಿರುತ್ತದೆ. ಪಾಲಿಸಿಯಲ್ಲಿ ಎರಡು ದಿನಾಂಕ ಇದ್ದರೆ ಬೋನಸ್‌ಗೆ ಬೇಕಾದ್ದು ಓನ್ ಡ್ಯಾಮೇಜ್‌ನ ದಿನಾಂಕ.

ಆರ್‌ಟಿಒ ಅಧಿಕಾರಿಗಳಲ್ಲಿ ಮತ್ತು ವಿಮಾ ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಫಾರಂ 27 ತೆಗೆದುಕೊಳ್ಳುವ ಕೌಂಟರಿನಲ್ಲಿ, ನವೀಕರಣದ ನೋಟಿಸಿನಲ್ಲಿ, ಮಲಯಾಳದ ಜೊತೆ ಕನ್ನಡದಲ್ಲೂ ಎರಡು ಸಾಲು ಹಾಕಿ: ಹೊಸ ನಂಬರಿಗೆ ಕಾಯದೆ ಪಾಲಿಸಿ ನವೀಕರಿಸಿ, ನಂಬರ್ ಬಂದ ಮೇಲೆ ಎಂಡೋರ್ಸ್‌ಮೆಂಟ್ ಮಾಡಿಸಿ.

ಇತಿ,
ನಿವೃತ್ತ ವಿಮಾ ನೌಕರ, ಬದಿಯಡ್ಕ