ರಜಾ ಪತ್ರದ ಬಗ್ಗೆ ಮಗಳಿಗೊಂದು ಪತ್ರ

ಪುಟ್ಟಿ,

ಪ್ರಾಂಶುಪಾಲರಿಗೆ ನೀನು ಬರೆದ ಪತ್ರ ಓದಿದೆ. ಬೆಳಿಗ್ಗೆ ನೀನು ಮೈದಾನಕ್ಕೆ ಹೊರಡುವ ಗಡಿಬಿಡಿಯಲ್ಲಿ ಇದೆಲ್ಲ ಮಾತಾಡೋಕೆ ಆಗಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ಇಷ್ಟು ವರ್ಷದಿಂದ ಕಾಲೇಜು ಆಫೀಸಿನಲ್ಲೇ ಕೂತು ಇಂಥ ಅರ್ಜಿಗಳನ್ನು ನೋಡಿದ್ದೇನೆ. ಯಾವುದು ಒಂದೇ ದಿನದಲ್ಲಿ ಸಹಿಯಾಗಿ ಬರುತ್ತದೆ, ಯಾವುದು ಮೇಜಿನ ಮೇಲೇ ಉಳಿಯುತ್ತದೆ ಅನ್ನೋದು ನನಗೆ ಗೊತ್ತು.

ನೀನು ಬರೆದಿರುವುದು ಇಷ್ಟು: "ನಾನು ರಾಜ್ಯಮಟ್ಟದ ಖೋ ಖೋ ಪಂದ್ಯಾವಳಿಗೆ ಆಯ್ಕೆಯಾಗಿದ್ದೇನೆ. ಅದಕ್ಕಾಗಿ ನವೆಂಬರ್ 10ರಿಂದ 24ರವರೆಗೆ 15 ದಿನ ರಜೆ ನೀಡಬೇಕಾಗಿ ವಿನಂತಿ." ಇದನ್ನು ಓದಿದ ಪ್ರಾಂಶುಪಾಲರ ಕಣ್ಣಿಗೆ ಮೊದಲು ಬೀಳುವುದು 15 ದಿನ. ಪಂದ್ಯಾವಳಿ ಮೂರೇ ದಿನ ಅಲ್ವಾ, ಉಳಿದ ದಿನ ಯಾಕೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಪತ್ರದಲ್ಲೇ ಉತ್ತರ ಇರಬೇಕು.

ಕ್ಯಾಲೆಂಡರ್ ತೆಗೆದು ನೋಡು. ಪಂದ್ಯಾವಳಿಗೆ ಮುಂಚಿನ ತರಬೇತಿ ಶಿಬಿರ 10ರ ಸೋಮವಾರದಿಂದ 19ರ ಬುಧವಾರದವರೆಗೆ. ನಿಮ್ಮ ಕೋಚ್ ಹೇಳಿದ ಪ್ರಕಾರ ಮೊದಲ ವಾರ ಬೆಳಿಗ್ಗೆ 6ರಿಂದ 8, ಸಂಜೆ 4ರಿಂದ 6.30 ಮಾತ್ರ ಅಭ್ಯಾಸ. ಅಲ್ಲೇ ಉಳಿಯಬೇಕಾಗಿರುವುದು 16ರ ಭಾನುವಾರದಿಂದ. ಅಂದಮೇಲೆ 10ರಿಂದ 15ರವರೆಗೆ ನೀನು ಕಾಲೇಜಿಗೆ ಹೋಗಬಹುದು. ಮಲ್ಲೇಶ್ವರದಿಂದ ವಿಜಯನಗರದ ಮೈದಾನಕ್ಕೆ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ 4 ಗಂಟೆಗೆ ಮುಟ್ಟಬೇಕಾದ್ದರಿಂದ ಕೊನೆಯ ಪಿರಿಯಡ್ ಒಂದು ಬಿಡಬೇಕಾಗುತ್ತದೆ. ಅಷ್ಟಕ್ಕೆ ಮಾತ್ರ ಅನುಮತಿ ಕೇಳು. ಪೂರ್ತಿ ದಿನ ಬೇಕಿರುವುದು 17, 18, 19 ಶಿಬಿರಕ್ಕೆ, 20 ದಾವಣಗೆರೆಗೆ ಪ್ರಯಾಣಕ್ಕೆ, 21 ಮತ್ತು 22 ಪಂದ್ಯಕ್ಕೆ, 24 ವಾಪಸ್ ಬರುವುದಕ್ಕೆ. 23 ಹೇಗೂ ಭಾನುವಾರ. ಒಟ್ಟು ಏಳು ದಿನ. 24 ಬೇಡ ಅಂತ ಬಿಟ್ಟುಬಿಡಬೇಡ. ಫೈನಲ್ ತಡವಾದರೆ ರಾತ್ರಿ ರೈಲಿನಲ್ಲಿ ಬಂದು, ನಿದ್ದೆಯಿಲ್ಲದೆ ಕ್ಲಾಸಿನಲ್ಲಿ ಕೂರುವುದು ನನಗೆ ಇಷ್ಟವಿಲ್ಲ.

ಇದರಿಂದ ನಿನ್ನ ಹಾಜರಾತಿಯೂ ಉಳಿಯುತ್ತದೆ. ಪಿಯು ಪರೀಕ್ಷೆಗೆ ಕೂರಲು 75% ಹಾಜರಾತಿ ಬೇಕು. ಆಗಸ್ಟ್‌ನಲ್ಲಿ ಜ್ವರ ಬಂದು ಮಲಗಿದ್ದೆಯಲ್ಲ, ಅದೆಲ್ಲ ಸೇರಿ ಶಿಬಿರದ ಹೊತ್ತಿಗೆ 110 ದಿನಗಳಲ್ಲಿ 88 ದಿನ ಹಾಜರಿದ್ದಂತೆ ಆಗುತ್ತದೆ, ಅಂದರೆ 80%. 10ರಿಂದ 24ರವರೆಗೆ ಕಾಲೇಜು ನಡೆಯುವುದು 13 ದಿನ. ಅಷ್ಟೂ ದಿನ ಹೋಗದಿದ್ದರೆ 123ಕ್ಕೆ 88, ಸುಮಾರು 71.5%ಕ್ಕೆ ಇಳಿಯುತ್ತದೆ. ಏಳು ದಿನ ಮಾತ್ರ ಬಿಟ್ಟರೆ 123ಕ್ಕೆ 94, ಅಂದರೆ 76.4%. ಗೆರೆ ದಾಟಿದೆ, ಆದರೆ ಮತ್ತೊಂದು ಜ್ವರ ಬಂದರೆ ಉಳಿಯಲ್ಲ. ಹಾಗಾಗಿ ಬರೀ ರಜೆ ಕೇಳಬೇಡ. ಆ ಏಳು ದಿನಗಳನ್ನೂ, ಮೊದಲ ವಾರದ ಕೊನೆಯ ಪಿರಿಯಡ್‌ಗಳನ್ನೂ ಓಡಿ, ಅಂದರೆ ಆನ್ ಡ್ಯೂಟಿ, ಎಂದು ಹಾಜರಾತಿಗೆ ಸೇರಿಸಿಕೊಳ್ಳಬೇಕು ಅಂತ ಸ್ಪಷ್ಟವಾಗಿ ಬರೆ. ಪ್ರಾಂಶುಪಾಲರು ಒಪ್ಪಿದರೆ 123ಕ್ಕೆ 101 ಆಗುತ್ತದೆ. ಬರೀ ರಜೆ ಅಂತ ಬರೆದ ಪತ್ರಕ್ಕೆ "ಮಂಜೂರು" ಎಂಬ ಷರಾ ಬಿದ್ದರೂ ರಿಜಿಸ್ಟರಿನಲ್ಲಿ ಆಬ್ಸೆಂಟ್ ಹಾಗೇ ಇರುತ್ತದೆ. ಫೆಬ್ರವರಿಯಲ್ಲಿ ಹಾಜರಾತಿ ಪಟ್ಟಿ ಗೋಡೆಗೆ ಅಂಟಿಸಿದಾಗಲೇ ಮಕ್ಕಳಿಗೆ ಇದು ತಿಳಿಯುವುದು. ಆಗ ಅಳುತ್ತಾ ಆಫೀಸಿಗೆ ಬಂದ ಹುಡುಗಿಯರನ್ನು ನೋಡಿದ್ದೇನೆ.

ಇನ್ನೊಂದು ದೊಡ್ಡ ಕೊರತೆ ಇದೆ. ಪಿಯು ಇಲಾಖೆಯ ಕ್ರೀಡಾಕೂಟವಾದರೆ ಸುತ್ತೋಲೆ ಕಾಲೇಜಿಗೇ ಬರುತ್ತದೆ, ಹೆಸರು ಕಳಿಸುವುದೂ ಕಾಲೇಜೇ. ಇದು ಹಾಗಲ್ಲ. ನಿನ್ನನ್ನು ಆರಿಸಿರುವುದು ಜಿಲ್ಲಾ ಖೋ ಖೋ ಸಂಸ್ಥೆ, ಅದೂ ಕ್ಲಬ್ ಮೂಲಕ. ನಿಮ್ಮ ಪ್ರಾಂಶುಪಾಲರ ಕಡತದಲ್ಲಿ ಇದರ ಸುದ್ದಿಯೇ ಇಲ್ಲ. ಪಂದ್ಯಾವಳಿಯ ಬಗ್ಗೆ ಸಂಸ್ಥೆಯ ಪತ್ರ ನಿನ್ನ ಹತ್ತಿರ ಇದೆ, ಸರಿ. ಶಿಬಿರಕ್ಕೆ ಇರುವುದು ಕೋಚ್ ಗ್ರೂಪಿನಲ್ಲಿ ಹಾಕಿದ ವಾಟ್ಸಾಪ್ ಮೆಸೇಜ್ ಮಾತ್ರ. ಸಾಮಾನ್ಯವಾಗಿ ತಿರಸ್ಕಾರ ಆಗುವುದು ಈ ಶಿಬಿರದ ಭಾಗವೇ. ಆದ್ದರಿಂದ ನಾಳೆಯೇ ಕೋಚ್ ಹತ್ತಿರ ಕೇಳಿ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ತಗೋ. ಅದರಲ್ಲಿ ನಿನ್ನ ಹೆಸರು, ಶಿಬಿರದ ದಿನಾಂಕ, ಸ್ಥಳ, ಅಭ್ಯಾಸದ ಸಮಯ, 16ರಿಂದ ಅಲ್ಲೇ ಉಳಿಯಬೇಕು ಎಂಬ ಮಾತು, ಕಾರ್ಯದರ್ಶಿಯ ಸಹಿ ಮತ್ತು ಸೀಲು ಇರಬೇಕು. ಪತ್ರದ ಸಂಖ್ಯೆ, ದಿನಾಂಕ ನೋಡಿಕೊಂಡು ನಿನ್ನ ಅರ್ಜಿಯಲ್ಲಿ "ಉಲ್ಲೇಖ" ಎಂದು ಬರೆಯುವೆಯಂತೆ.

ಕಿರುಪರೀಕ್ಷೆಯ ಮಾತೇ ನಿನ್ನ ಪತ್ರದಲ್ಲಿ ಇಲ್ಲ. 18ಕ್ಕೆ ಭೌತಶಾಸ್ತ್ರ, 19ಕ್ಕೆ ಗಣಿತ ಇದೆ. ಬಂದ ಮೇಲೆ ನೋಡೋಣ ಅಂದರೆ ಅಷ್ಟರಲ್ಲಿ ಅಂಕಪಟ್ಟಿಯಲ್ಲಿ ಗೈರು ಅಂತ ಬಿದ್ದಿರುತ್ತದೆ. ಆ ಇಬ್ಬರು ಮೇಡಂಗಳ ಹತ್ತಿರ ಮೊದಲೇ ಹೋಗಿ ಮಾತಾಡು. ಅವರು ಯಾವ ದಿನ ಒಪ್ಪುತ್ತಾರೋ ಅದನ್ನೇ ಅರ್ಜಿಯಲ್ಲಿ ಬರೆ. ಅವರು ಒಪ್ಪಿದ್ದಾರೆ ಅಂದರೆ ಪ್ರಾಂಶುಪಾಲರಿಗೂ ಹೂಂ ಅನ್ನೋದು ಸುಲಭ. ಲ್ಯಾಬ್ ಹೇಗೂ ಬುಧವಾರ. 19ರದ್ದು ತಪ್ಪುತ್ತದೆ, ಬೇರೆ ಬ್ಯಾಚಿನ ಜೊತೆ ಮಾಡುತ್ತೇನೆ ಅಂತ ಕೇಳಿಕೋ.

ಎಲ್ಲ ಸೇರಿಸಿ ಹೀಗೆ ಬರೆಯಬಹುದು. ನಿನ್ನ ಮಾತಿಗೆ ಹೊಂದುವಂತೆ ತಿದ್ದಿಕೋ, ಪರೀಕ್ಷೆಯ ದಿನಾಂಕ ಮೇಡಂಗಳು ಹೇಳಿದ ಹಾಗೆ ಹಾಕು:

"ವಿಷಯ: ರಾಜ್ಯಮಟ್ಟದ ಖೋ ಖೋ ಪಂದ್ಯಾವಳಿ ಮತ್ತು ತರಬೇತಿ ಶಿಬಿರದಲ್ಲಿ ಭಾಗವಹಿಸಲು ಅನುಮತಿ ಹಾಗೂ ಓಡಿ ಹಾಜರಾತಿ ಕೋರಿ.

ಮಾನ್ಯರೇ, ಜಿಲ್ಲಾ ಬಾಲಕಿಯರ ತಂಡಕ್ಕೆ ನಾನು ಆಯ್ಕೆಯಾಗಿದ್ದೇನೆ. ಶಿಬಿರ ಮತ್ತು ಪಂದ್ಯಾವಳಿಯ ನಿಮಿತ್ತ ನವೆಂಬರ್ 10ರಿಂದ 15ರವರೆಗೆ ಕೊನೆಯ ಪಿರಿಯಡ್‌ಗೆ ಮೊದಲು ಹೊರಡಲು, 17ರಿಂದ 22ರವರೆಗೆ ಮತ್ತು 24ರಂದು ಪೂರ್ಣ ದಿನ ಗೈರಾಗಲು ಅನುಮತಿ ನೀಡಿ, ಈ ಅವಧಿಯನ್ನು ಓಡಿ ಎಂದು ಪರಿಗಣಿಸಬೇಕೆಂದು ಕೋರುತ್ತೇನೆ. 18 ಮತ್ತು 19ರ ಕಿರುಪರೀಕ್ಷೆಗಳನ್ನು ವಿಷಯ ಉಪನ್ಯಾಸಕರ ಒಪ್ಪಿಗೆಯಂತೆ 26 ಮತ್ತು 27ರಂದು ಬರೆಯುತ್ತೇನೆ. ಹಿಂದಿರುಗಿದ ಕೂಡಲೇ ಭಾಗವಹಿಸಿದ ಪ್ರಮಾಣಪತ್ರದ ಪ್ರತಿ ಸಲ್ಲಿಸುತ್ತೇನೆ."

ಕೆಳಗೆ ನಿನ್ನ ಸಹಿ, ಪಕ್ಕದಲ್ಲಿ ನನ್ನ ಸಹಿ. ಲಗತ್ತಿನಲ್ಲಿ ಸಂಸ್ಥೆಯ ಎರಡೂ ಪತ್ರಗಳು. ದೈಹಿಕ ಶಿಕ್ಷಣದ ನಿಮ್ಮ ಪಿಡಿ ಸರ್‌ಗೆ ಮೊದಲು ತೋರಿಸಿ "ಶಿಫಾರಸು ಮಾಡಿದೆ" ಅಂತ ಬರೆಸಿಕೋ. ಕ್ಲಬ್ಬಿನಿಂದ ಆಡುತ್ತೀಯ ಅಂತ ಅವರನ್ನು ಬಿಟ್ಟು ನೇರ ಪ್ರಾಂಶುಪಾಲರ ಹತ್ತಿರ ಹೋಗಬೇಡ, ಅವರಿಗೆ ಬೇಸರವಾಗುತ್ತದೆ. ಪ್ರಾಂಶುಪಾಲರು ಮೊದಲು ಕೇಳುವುದೂ ಅವರನ್ನೇ.

ಎರಡು ಪ್ರತಿ ಮಾಡಿಸು. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ನಂಬರ್ ಮತ್ತು ಸೀಲು ಹಾಕಿಸಿಕೋ. ಎರಡು ದಿನ ಬಿಟ್ಟು ಹೋಗಿ ಷರಾ ಏನು ಬಿದ್ದಿದೆ ಅಂತ ಕೇಳು. ಅನುಮತಿ ಸಿಕ್ಕಿದ್ದರೆ ಅದರ ಜೆರಾಕ್ಸ್ ನಿಮ್ಮ ಕ್ಲಾಸ್ ಟೀಚರ್ ಕೈಗೆ ಕೊಡಬೇಕು. ರಿಜಿಸ್ಟರಿನಲ್ಲಿ ಗುರುತು ಹಾಕುವವರು ಅವರು, ಆಫೀಸಿನ ಕಾಗದ ತಾನಾಗಿ ಅವರ ಹತ್ತಿರ ಹೋಗಲ್ಲ. ಅಕಸ್ಮಾತ್ ಶಿಬಿರದ ಮೂರು ದಿನಕ್ಕೆ ಓಡಿ ಕೊಡದೆ ಪಂದ್ಯಾವಳಿಗೆ ಮಾತ್ರ ಕೊಟ್ಟರೆ ವಾದ ಮಾಡಬೇಡ. 123ಕ್ಕೆ 98 ಆಗುತ್ತದೆ, ಆಗಲೂ 79% ಮೇಲೇ ಇರುತ್ತೀಯ. ಶಿಬಿರಕ್ಕೆ ಹೋಗೇ ಹೋಗು.

ಎಂಟ್ರಿ ಫಾರ್ಮಿಗೆ ಬೋನಫೈಡ್ ಸರ್ಟಿಫಿಕೇಟ್ ಬೇಕು ಅಂದಿದ್ದೆಯಲ್ಲ, ಅದರ ಅರ್ಜಿಯನ್ನೂ ಇದರ ಜೊತೆಗೇ ಕೊಟ್ಟುಬಿಡು. ಫೋಟೋ ಎರಡು ಮೇಜಿನ ಡ್ರಾಯರ್‌ನಲ್ಲಿ ಇವೆ.

ಇಂತಿ,
ಅಮ್ಮ